ಗೋಣಿ ವಾಪಸಾ, ತೂಕಕ್ಕಾ? 20 ಅಡಿಕೆ ಕತ್ತರಿಸಿ ಟೈಪ್ ಒನ್ ಎರರ್, ಟೈಪ್ ಟೂ ಎರರ್, ಪವರ್ ಅರ್ಥ ಮಾಡಿಕೊಳ್ಳುವುದು

ಕಳೆದ ವರ್ಷ ಪೆರ್ಲದ ಕಡೆಯ ನಮ್ಮ ಚಿಕ್ಕಪ್ಪ ಚಾಲಿ ಅಡಿಕೆ ಮಾರಲು ಹೋಗಿದ್ದರು. ಅಂಗಡಿಯವರು ಒಂದು ಗೋಣಿಯಿಂದ ಇಪ್ಪತ್ತು ಅಡಿಕೆ ತೆಗೆದು ಕತ್ತರಿಸಿದರು. ಮೂರರ ಒಳಗೆ ಕಪ್ಪು. "ಇದು ಬೇಡ" ಅಂತ ಗೋಣಿ ವಾಪಸ್. ಚಿಕ್ಕಪ್ಪ ಮನೆಗೆ ಬಂದು ಅದೇ ಗೋಣಿಯನ್ನು ಅಂಗಳಕ್ಕೆ ಸುರಿದು ಹಟಕ್ಕೆ ಬಿದ್ದು ನೂರು ಅಡಿಕೆ ಕತ್ತರಿಸಿ ನೋಡಿದರೆ ಐದೇ ಕೆಟ್ಟದ್ದು. "ನೋಡು, ಮೋಸ!" ಅಂದರು. ನಾನು ಅಂಕಿಅಂಶ ಪಾಠ ಮಾಡುವವನು. ಮೋಸ ಇರಲಿಕ್ಕಿಲ್ಲ ಚಿಕ್ಕಪ್ಪ, ಇದು ಟೈಪ್ ಒನ್ ಎರರ್ ಇರಬೇಕು ಅಂದೆ. ಅವರು ನನ್ನನ್ನು ನೋಡಿದ ರೀತಿ ಇಲ್ಲಿ ಬರೆಯುವಂಥದ್ದಲ್ಲ.

ಆಮೇಲೆ ಜಗಲಿಯಲ್ಲಿ ಕೂತು ಅವರಿಗೆ ವಿವರಿಸಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಪುಸ್ತಕಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಕಾಯಿಲೆಯ ಸ್ಕ್ರೀನಿಂಗ್ ಉದಾಹರಣೆ ಇರುತ್ತದೆ. ಆದರೆ ಅಡಿಕೆ ಗೋಣಿಯದ್ದೂ ಸ್ಕ್ರೀನಿಂಗೇ, ಅಲ್ವಾ? ಒಳಗೆ ಏನಿದೆ ಅಂತ ಪೂರ್ತಿ ನೋಡಲು ಆಗುವುದಿಲ್ಲ, ಸ್ವಲ್ಪ ನೋಡಿ ಇಡೀ ಗೋಣಿಯ ಬಗ್ಗೆ ತೀರ್ಮಾನ ಮಾಡಬೇಕು. ಅಡಿಕೆಯಲ್ಲಿ ಒಂದು ಅನುಕೂಲವೂ ಉಂಟು. ಲೆಕ್ಕವನ್ನು ಅಂದಾಜಿಲ್ಲದೆ ನೇರವಾಗಿ ಮಾಡಬಹುದು.

ಮೊದಲು: ಒಳ್ಳೆ ಗೋಣಿ ಅಂದರೆ ಯಾವುದು?

ಕತ್ತರಿ ಹಿಡಿಯುವ ಮೊದಲೇ ಇದನ್ನು ಬರೆದಿಟ್ಟುಕೊಳ್ಳಬೇಕು. ಹೊರಗಿಂದ ಚಂದ ಕಾಣುವ ಅಡಿಕೆ ಸರಿಯಾಗಿ ಒಣಗದೆ ಇದ್ದರೆ ಒಳಗೆ ಬೂಸ್ಟು ಬಂದಿರಬಹುದು, ಕಪ್ಪಾಗಿರಬಹುದು. ಒಂದೂ ಕೆಟ್ಟದ್ದಿಲ್ಲದ ಗೋಣಿ ಯಾರ ಮನೆಯಲ್ಲೂ ಇರುವುದಿಲ್ಲ. ಹಾಗಾಗಿ ನಾವೇ ಒಂದು ಗೆರೆ ಹಾಕೋಣ: ನೂರಕ್ಕೆ 5 ಕೆಟ್ಟಿದ್ದರೆ ಅದು ಒಳ್ಳೆ ಗೋಣಿ, ನೂರಕ್ಕೆ 20 ಕೆಟ್ಟಿದ್ದರೆ ಕೆಟ್ಟ ಗೋಣಿ. ಇದು ಮಾರುಕಟ್ಟೆಯ ನಿಯಮ ಅಲ್ಲ, ಲೆಕ್ಕಕ್ಕಾಗಿ ನಾನು ಹಾಕಿದ ಗೆರೆ. ನಿಮ್ಮ ಗೆರೆ ಬೇರೆ ಇರಬಹುದು, ಅಡ್ಡಿಯಿಲ್ಲ.

ಪರೀಕ್ಷೆ ಶುರು ಮಾಡುವಾಗ "ಗೋಣಿ ಒಳ್ಳೆಯದೇ" ಅಂತ ನಂಬಿಕೊಂಡು ಹೊರಡುತ್ತೇವೆ. ಈ ಆರಂಭದ ನಂಬಿಕೆಗೆ ನಲ್ ಹೈಪಾಥಿಸಿಸ್ ಅಂತ ಹೆಸರು. ಕೆಟ್ಟ ಅಡಿಕೆ ಜಾಸ್ತಿ ಸಿಕ್ಕಿದರೆ ಮಾತ್ರ ನಂಬಿಕೆ ಬಿಡುತ್ತೇವೆ. ಇನ್ನು ತಪ್ಪುಗಳು ಎರಡೇ.

ಗೋಣಿ ನಿಜಕ್ಕೂ ಒಳ್ಳೆಯದು, ಆದರೂ ವಾಪಸ್ ಕಳಿಸಿದೆವು. ಇದು ಟೈಪ್ ಒನ್ ಎರರ್. ಆಗಿದ್ದು ಸುಳ್ಳು ಗದ್ದಲ, ನಷ್ಟ ಚಿಕ್ಕಪ್ಪನಿಗೆ.

ಗೋಣಿ ನಿಜಕ್ಕೂ ಕೆಟ್ಟದ್ದು, ಆದರೂ ಒಳಗೆ ಬಿಟ್ಟುಕೊಂಡೆವು. ಇದು ಟೈಪ್ ಟೂ ಎರರ್. ಕಳ್ಳ ತಪ್ಪಿಸಿಕೊಂಡ ಹಾಗೆ, ನಷ್ಟ ಅಂಗಡಿಯವರಿಗೆ.

ಅಂಕಿಅಂಶ ತಜ್ಞರಾದ ಯೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್ 1928ರಿಂದ 1933ರ ನಡುವೆ ಬರೆದ ಲೇಖನಗಳಲ್ಲಿ ಈ ಎರಡು ತಪ್ಪುಗಳ ಲೆಕ್ಕ ರೂಪುಗೊಂಡಿತು. ಅದೇ ಹೊತ್ತಿಗೆ, 1929ರಲ್ಲಿ, ಅಮೆರಿಕದ ಬೆಲ್ ಲ್ಯಾಬ್‌ನ ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೋಮಿಗ್ ಕಾರ್ಖಾನೆಯ ಸರಕು ತಪಾಸಣೆಗೆ ಇಂಥದ್ದೇ ಲೆಕ್ಕ ಹಾಕಿ, ಒಂದನ್ನು ಸರಕು ಮಾಡಿ ಮಾರುವವನ ಅಪಾಯ, ಇನ್ನೊಂದನ್ನು ಕೊಳ್ಳುವವನ ಅಪಾಯ ಅಂತ ಕರೆದರು. ನನಗೆ ಈ ಹೆಸರುಗಳೇ ಇಷ್ಟ. ಒನ್, ಟೂ ಅಂದರೆ ಯಾವುದು ಯಾವುದು ಅಂತ ಪರೀಕ್ಷೆಯ ಹಿಂದಿನ ರಾತ್ರಿಯೂ ಗೊಂದಲವಾಗುತ್ತದೆ, ಮಾರುವವ, ಕೊಳ್ಳುವವ ಅಂದರೆ ಮರೆಯುವುದಿಲ್ಲ.

ಎರಡನೆಯದು: ನಿಯಮ ಹಾಕಿ, ಟೈಪ್ ಒನ್ ಲೆಕ್ಕ ಮಾಡಿ

ಅಂಗಡಿಯವರ ನಿಯಮ ಇದು ಅಂತ ಇಟ್ಟುಕೊಳ್ಳೋಣ: 20 ಅಡಿಕೆ ಕತ್ತರಿಸು, 3 ಅಥವಾ ಜಾಸ್ತಿ ಕೆಟ್ಟದ್ದು ಸಿಕ್ಕಿದರೆ ವಾಪಸ್.

ಈಗ ಪ್ರಶ್ನೆ. ನೂರಕ್ಕೆ 5 ಮಾತ್ರ ಕೆಟ್ಟಿರುವ ಒಳ್ಳೆ ಗೋಣಿಯಿಂದ 20 ತೆಗೆದರೆ ಸರಾಸರಿ ಒಂದು ಕೆಟ್ಟದ್ದು ಬರಬೇಕು. ಆದರೆ ಕೈಗೆ ಯಾವುದು ಸಿಗುತ್ತದೆ ಅನ್ನುವುದು ಅದೃಷ್ಟ. ಒಮ್ಮೊಮ್ಮೆ ಒಂದೂ ಬರುವುದಿಲ್ಲ, ಒಮ್ಮೊಮ್ಮೆ ಮೂರು ಬಂದುಬಿಡುತ್ತವೆ. ಎಷ್ಟು ಸಲ ಮೂರು ಅಥವಾ ಜಾಸ್ತಿ ಬರುತ್ತವೆ? ಗೋಣಿಯಲ್ಲಿ ಸಾವಿರಾರು ಅಡಿಕೆ ಇರುವುದರಿಂದ, ತೆಗೆದ ಪ್ರತಿ ಅಡಿಕೆಯೂ ಕೆಟ್ಟಿರುವ ಸಾಧ್ಯತೆ ಒಂದೇ ಅಂತ ಇಟ್ಟುಕೊಂಡು ಮಾಡುವ ಬೈನಾಮಿಯಲ್ ಲೆಕ್ಕ ಸಾಕು. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಯಾವುದರಲ್ಲಾದರೂ ಇದನ್ನು ಟೈಪ್ ಮಾಡಿ:

```
=1-BINOM.DIST(2,20,0.05,TRUE)
```

ಒಳಗಿನ ಭಾಗ "20ರಲ್ಲಿ 2 ಅಥವಾ ಕಡಿಮೆ ಕೆಟ್ಟದ್ದು ಬರುವ ಸಾಧ್ಯತೆ". ಅದನ್ನು 1ರಿಂದ ಕಳೆದರೆ 3 ಅಥವಾ ಜಾಸ್ತಿ ಬರುವ ಸಾಧ್ಯತೆ ಸಿಗುತ್ತದೆ. ಇಲ್ಲಿ 3 ಹಾಕಿ ತಪ್ಪು ಮಾಡುವವರು ಬಹಳ, ಗಡಿಗಿಂತ ಒಂದು ಕಡಿಮೆ ಹಾಕಬೇಕು. ಉತ್ತರ 0.0755. ಅಂದರೆ ಒಳ್ಳೆ ಗೋಣಿಗಳನ್ನೇ ನೂರು ತಂದರೂ ಏಳೆಂಟು ಸುಮ್ನೆ ವಾಪಸ್ ಹೋಗುತ್ತವೆ, ಯಾರೂ ಮೋಸ ಮಾಡದೆ. ಈ ಸಂಖ್ಯೆಯೇ ಆಲ್ಫಾ, ಟೈಪ್ ಒನ್ ಎರರ್‌ನ ಸಾಧ್ಯತೆ. ಚಿಕ್ಕಪ್ಪ ಆ ಏಳೆಂಟರಲ್ಲಿ ಒಬ್ಬರಾಗಿದ್ದರು, ಅಷ್ಟೇ.

ಮೂರನೆಯದು: ಟೈಪ್ ಟೂ ಮತ್ತು ಪವರ್

ಈಗ ಅಂಗಡಿಯವರ ಕಡೆಯಿಂದ ನೋಡಿ. ನೂರಕ್ಕೆ 20 ಕೆಟ್ಟಿರುವ ಗೋಣಿ ಬಂತು. ಸರಾಸರಿ 4 ಸಿಗಬೇಕು. ಆದರೂ ಎರಡು ಅಥವಾ ಕಡಿಮೆ ಸಿಕ್ಕಿ ಪಾಸಾಗುವ ಸಾಧ್ಯತೆ ಎಷ್ಟು?

```
=BINOM.DIST(2,20,0.2,TRUE)
```

ಉತ್ತರ 0.206. ಇದು ಬೀಟಾ, ಟೈಪ್ ಟೂ ಎರರ್‌ನ ಸಾಧ್ಯತೆ. ಐದು ಕೆಟ್ಟ ಗೋಣಿಗಳಲ್ಲಿ ಒಂದು ತಪ್ಪಿಸಿಕೊಳ್ಳುತ್ತದೆ. ಉಳಿದ 0.794, ಅಂದರೆ ಕೆಟ್ಟ ಗೋಣಿಯನ್ನು ಕೆಟ್ಟದ್ದು ಅಂತ ಹಿಡಿಯುವ ಸಾಧ್ಯತೆ, ಅದೇ ಪವರ್. 1ರಿಂದ ಬೀಟಾ ಕಳೆದರೆ ಪವರ್. ಇದಕ್ಕಿಂತ ದೊಡ್ಡ ಗುಟ್ಟೇನೂ ಆ ಪದದಲ್ಲಿ ಇಲ್ಲ.

ಗಮನಿಸಿ, ಆಲ್ಫಾ ಲೆಕ್ಕಕ್ಕೆ 0.05 ಹಾಕಿದೆವು, ಪವರ್ ಲೆಕ್ಕಕ್ಕೆ 0.2 ಹಾಕಿದೆವು. ಒಂದು ಒಳ್ಳೆ ಗೋಣಿಗಳ ಲೋಕದ ಲೆಕ್ಕ, ಇನ್ನೊಂದು ಕೆಟ್ಟ ಗೋಣಿಗಳ ಲೋಕದ ಲೆಕ್ಕ. ಆಲ್ಫಾ ಮತ್ತು ಬೀಟಾ ಕೂಡಿದರೆ 1 ಆಗಬೇಕು ಅಂತ ಹೇಳುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಬೇರೆ ಬೇರೆ ಗೋಣಿಯ ಲೆಕ್ಕವನ್ನು ಕೂಡಿಸಿ ಏನು ಮಾಡುತ್ತೀರಿ?

ಕಾಯಿಲೆಯ ಸ್ಕ್ರೀನಿಂಗ್‌ನಲ್ಲೂ ಇದೇ ಕಥೆ. "ಆರೋಗ್ಯವಾಗಿದ್ದಾರೆ" ಅನ್ನುವುದು ಆರಂಭದ ನಂಬಿಕೆ. ಆರೋಗ್ಯವಂತರಿಗೆ ಪಾಸಿಟಿವ್ ಬಂದರೆ ಟೈಪ್ ಒನ್, ಕಾಯಿಲೆ ಇದ್ದವರಿಗೆ ನೆಗೆಟಿವ್ ಬಂದರೆ ಟೈಪ್ ಟೂ. ಕಾಯಿಲೆ ಇದ್ದವರನ್ನು ಹಿಡಿಯುವ ಸಾಧ್ಯತೆಗೆ ಅಲ್ಲಿ ಸೆನ್ಸಿಟಿವಿಟಿ ಅನ್ನುತ್ತಾರೆ, ಅದು ಇಲ್ಲಿನ ಪವರ್‌ಗೆ ಸಮ.

ನಾಲ್ಕನೆಯದು: ಗಡಿ ಸರಿಸಿ ನೋಡಿ

"ಹಾಗಾದರೆ ಮೂರಕ್ಕೆ ಯಾಕೆ ವಾಪಸ್ ಕಳಿಸಬೇಕು, ನಾಲ್ಕಕ್ಕೆ ಕಳಿಸಲಿ" ಅಂದರು ಚಿಕ್ಕಪ್ಪ. ಸರಿ, ಲೆಕ್ಕ ಹಾಕೋಣ. 20 ಅಡಿಕೆಯೇ, ಗಡಿ ಮಾತ್ರ ಬೇರೆ:

| ವಾಪಸ್ ಕಳಿಸುವ ಗಡಿ | ಆಲ್ಫಾ | ಪವರ್ |
|---|---|---|
| 2 ಅಥವಾ ಜಾಸ್ತಿ | 0.264 | 0.931 |
| 3 ಅಥವಾ ಜಾಸ್ತಿ | 0.075 | 0.794 |
| 4 ಅಥವಾ ಜಾಸ್ತಿ | 0.016 | 0.589 |

ಗಡಿ ನಾಲ್ಕಕ್ಕೆ ಏರಿಸಿದರೆ ಚಿಕ್ಕಪ್ಪ ಬಚಾವ್, ನೂರಕ್ಕೆ ಎರಡು ಗೋಣಿಯೂ ತಪ್ಪಾಗಿ ವಾಪಸಾಗುವುದಿಲ್ಲ. ಆದರೆ ಕೆಟ್ಟ ಗೋಣಿಗಳಲ್ಲಿ ನೂರಕ್ಕೆ 41 ಒಳಗೆ ಹೋಗುತ್ತವೆ. ಎರಡಕ್ಕೆ ಇಳಿಸಿದರೆ ಅಂಗಡಿಯವರು ಬಚಾವ್, ಒಳ್ಳೆ ಅಡಿಕೆ ತಂದವರಲ್ಲಿ ನಾಲ್ಕಕ್ಕೆ ಒಬ್ಬರು ಬೈದುಕೊಂಡು ಹೋಗುತ್ತಾರೆ. ಗಡಿ ಸರಿಸುವುದು ಅಂದರೆ ನಷ್ಟವನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸುವುದು. ಯಾವ ಗಡಿ ಸರಿ ಅನ್ನುವುದು ಅಂಕಿಅಂಶ ಹೇಳುವ ಮಾತೇ ಅಲ್ಲ, ಯಾವ ತಪ್ಪು ಯಾರಿಗೆ ಎಷ್ಟು ದುಬಾರಿ ಅನ್ನುವುದರ ಮೇಲೆ ಹೋಗುತ್ತದೆ. ಆಲ್ಫಾ 0.05ಕ್ಕಿಂತ ಕಡಿಮೆ ಇರಲೇಬೇಕು ಅನ್ನುವುದು ರೂಢಿ ಮಾತ್ರ. ಇನ್ನೊಂದು ವಿಷಯ, ಅಡಿಕೆಯನ್ನು ಒಂದೊಂದಾಗಿ ಎಣಿಸುವುದರಿಂದ ಸರಿಯಾಗಿ 0.05 ಸಿಗುವುದೇ ಇಲ್ಲ ನೋಡಿ, 0.075ರಿಂದ ಒಂದೇ ಸಲ 0.016ಕ್ಕೆ ಹಾರುತ್ತದೆ. ಸಣ್ಣ ಸ್ಯಾಂಪಲ್‌ನಲ್ಲಿ ಹಾಗೇ.

ಐದನೆಯದು: ಇಬ್ಬರಿಗೂ ಒಳ್ಳೆಯದಾಗಬೇಕಾದರೆ

ದಾರಿ ಒಂದೇ, ಜಾಸ್ತಿ ಅಡಿಕೆ ಕತ್ತರಿಸಬೇಕು. 40 ಕತ್ತರಿಸಿ, 5 ಅಥವಾ ಜಾಸ್ತಿ ಕೆಟ್ಟಿದ್ದರೆ ವಾಪಸ್ ಅಂತ ನಿಯಮ ಮಾಡಿ.

```
=1-BINOM.DIST(4,40,0.05,TRUE)
=1-BINOM.DIST(4,40,0.2,TRUE)
```

ಮೊದಲನೆಯದು 0.048, ಎರಡನೆಯದು 0.924. ಸುಳ್ಳು ಗದ್ದಲವೂ ಇಳಿಯಿತು, ಹಿಡಿಯುವ ಶಕ್ತಿಯೂ ಏರಿತು. ಯಾಕೆ ಹೀಗೆ? 20ರಲ್ಲಿ ಒಳ್ಳೆ ಗೋಣಿಯ ಸರಾಸರಿ 1, ಕೆಟ್ಟದ್ದರ ಸರಾಸರಿ 4, ನಡುವೆ ಮೂರರ ಅಂತರ. 40ರಲ್ಲಿ 2 ಮತ್ತು 8, ಅಂತರ ಆರು. ಅಂತರ ಎರಡು ಪಟ್ಟಾಯಿತು, ಆದರೆ ಅದೃಷ್ಟದ ಏರುಪೇರು ಎರಡು ಪಟ್ಟಾಗುವುದಿಲ್ಲ, ವರ್ಗಮೂಲದ ಲೆಕ್ಕದಲ್ಲಿ 1.4 ಪಟ್ಟು ಮಾತ್ರ ಬೆಳೆಯುತ್ತದೆ. ಹಾಗಾಗಿ ಎರಡು ಗುಂಪುಗಳು ಒಂದಕ್ಕೊಂದು ತಾಗುವುದು ಕಡಿಮೆಯಾಗುತ್ತದೆ.

ಹಾಗಂತ ಇದು ಪುಕ್ಕಟೆ ಅಲ್ಲ. ಕತ್ತರಿಸಿದ ಅಡಿಕೆಗೆ ಇಡಿ ಅಡಿಕೆಯ ಬೆಲೆ ಇಲ್ಲ, ಸಾಲಿನಲ್ಲಿ ಜೀಪುಗಳು ನಿಂತಿವೆ, ಕತ್ತರಿಸುವವನ ಕೈ ಒಂದೇ.

ಆರನೆಯದು: "ಪವರ್ ಎಷ್ಟು?" ಅಂತ ಯಾರಾದರೂ ಕೇಳಿದರೆ

"ಯಾವ ಗೋಣಿಗೆ?" ಅಂತ ತಿರುಗಿ ಕೇಳಿ. ಇದು ಬಹಳ ಮಂದಿ ಹಾರಿಸಿಬಿಡುವ ಜಾಗ. 0.924 ಅನ್ನುವುದು ನೂರಕ್ಕೆ 20 ಕೆಟ್ಟಿರುವ ಗೋಣಿಯನ್ನು ಹಿಡಿಯುವ ಪವರ್. ಗೋಣಿಯಲ್ಲಿ ನೂರಕ್ಕೆ 10 ಮಾತ್ರ ಕೆಟ್ಟಿದ್ದರೆ? ಅದೇ ಸೂತ್ರದಲ್ಲಿ 0.2 ಇದ್ದಲ್ಲಿ 0.1 ಹಾಕಿ. 0.371 ಬರುತ್ತದೆ. ಅಂದರೆ 40 ಕತ್ತರಿಸಿದರೂ ಅರೆಬರೆ ಕೆಟ್ಟ ಗೋಣಿಗಳಲ್ಲಿ ಮೂರರಲ್ಲಿ ಎರಡರ ಹತ್ತಿರ ದಾಟಿಹೋಗುತ್ತವೆ. ಪರೀಕ್ಷೆ ಬದಲಾಗಿಲ್ಲ, ಹುಡುಕುತ್ತಿರುವ ವ್ಯತ್ಯಾಸ ಸಣ್ಣದಾಯಿತು. 5 ಮತ್ತು 10ರ ನಡುವಿನ ವ್ಯತ್ಯಾಸವನ್ನು ಆಲ್ಫಾ 0.05ರ ಒಳಗೆ, ಪವರ್ 0.8ಕ್ಕೆ ಹಿಡಿಯಬೇಕು ಅಂದರೆ ಗೋಣಿಯೊಂದಕ್ಕೆ 150ಕ್ಕೂ ಜಾಸ್ತಿ ಅಡಿಕೆ ಕತ್ತರಿಸಬೇಕು. ಯಾವ ಅಂಗಡಿಯಲ್ಲೂ ಅಷ್ಟು ಪುರುಸೊತ್ತು ಇರುವುದಿಲ್ಲ.

ಇದಕ್ಕೆ ಸೇರಿದ್ದೇ ಇನ್ನೊಂದು ಮಾತು. ಗೋಣಿ ಪಾಸಾಯಿತು ಅಂದರೆ ಅದು ಒಳ್ಳೆಯದು ಅಂತ ಸಾಬೀತಾದ ಹಾಗಲ್ಲ. 20 ಕತ್ತರಿಸಿ ಒಂದೂ ಕೆಟ್ಟದ್ದು ಸಿಗಲಿಲ್ಲ ಅಂತ ಇಟ್ಟುಕೊಳ್ಳಿ. ನೂರಕ್ಕೆ 14 ಕೆಟ್ಟಿರುವ ಗೋಣಿಯಿಂದಲೂ ಹಾಗೆ ಬರುವ ಸಾಧ್ಯತೆ 0.86ರ 20ನೇ ಘಾತ, ಅಂದರೆ ಸುಮಾರು 0.05. ಬಾಯಿಲೆಕ್ಕಕ್ಕೆ ಒಂದು ಉಪಾಯ: ಒಂದೂ ಸಿಗದಿದ್ದಾಗ 3ನ್ನು ಕತ್ತರಿಸಿದ ಸಂಖ್ಯೆಯಿಂದ ಭಾಗಿಸಿ. 20ಕ್ಕೆ 3 ಅಂದರೆ ನೂರಕ್ಕೆ 15. ಅಷ್ಟರವರೆಗೆ ಕೆಟ್ಟಿರಬಹುದು ಅನ್ನುವ ಅನುಮಾನ ಇಟ್ಟುಕೊಂಡೇ ಇರಬೇಕು.

ಏಳನೆಯದು: ವಾಪಸ್ ಹೋದ ರಾಶಿಯನ್ನು ನೋಡಿ

ಆಲ್ಫಾ 0.075 ಅಂದ ಕೂಡಲೇ "ಹಾಗಾದರೆ ವಾಪಸ್ ಹೋದ ಗೋಣಿಗಳಲ್ಲಿ ನೂರಕ್ಕೆ ಏಳೆಂಟು ಮಾತ್ರ ಒಳ್ಳೆಯವು" ಅಂತ ಓದುವವರಿದ್ದಾರೆ. ಇದು ತಪ್ಪು, ಅದೂ ದೊಡ್ಡ ತಪ್ಪು. ಎಣಿಸಿ ನೋಡೋಣ.

ಒಂದು ದಿನ 100 ಗೋಣಿ ಬಂತು. ಅದರಲ್ಲಿ 90 ಒಳ್ಳೆಯವು, 10 ಕೆಟ್ಟವು. 20 ಅಡಿಕೆ, ಗಡಿ ಮೂರು. 90ರಲ್ಲಿ ನೂರಕ್ಕೆ ಏಳೂವರೆಯ ಲೆಕ್ಕದಲ್ಲಿ ಸುಮಾರು 7 ತಪ್ಪಾಗಿ ವಾಪಸ್. 10ರಲ್ಲಿ ಸುಮಾರು 8 ಸರಿಯಾಗಿ ವಾಪಸ್. ಒಟ್ಟು ವಾಪಸ್ ಹೋದದ್ದು 15, ಅದರಲ್ಲಿ 7 ಒಳ್ಳೆಯವು. ಹೆಚ್ಚು ಕಡಿಮೆ ಅರ್ಧ!

ಮಳೆ ಜೋರಾಗಿ, ಅಂಗಳದಲ್ಲಿ ಅಡಿಕೆ ಒಣಗದ ವರ್ಷ ಅಂತ ಇಟ್ಟುಕೊಳ್ಳಿ, ಅರ್ಧಕ್ಕರ್ಧ ಗೋಣಿ ಕೆಟ್ಟದ್ದು. ಆಗ 50 ಒಳ್ಳೆಯವುಗಳಲ್ಲಿ 4 ವಾಪಸ್, 50 ಕೆಟ್ಟವುಗಳಲ್ಲಿ 40 ವಾಪಸ್. 44ರಲ್ಲಿ 4 ಮಾತ್ರ ತಪ್ಪು. ಅದೇ ಕತ್ತರಿ, ಅದೇ ಗಡಿ, ಅದೇ ಆಲ್ಫಾ. ಬದಲಾದದ್ದು ಊರಿನ ಅಡಿಕೆ. ಹಾಗಾಗಿ "ವಾಪಸಾದ ಗೋಣಿ ನಿಜಕ್ಕೂ ಕೆಟ್ಟದ್ದಾ?" ಅನ್ನುವುದಕ್ಕೆ ಆಲ್ಫಾ ಒಂದೇ ಉತ್ತರ ಕೊಡುವುದಿಲ್ಲ, ಒಟ್ಟು ಗೋಣಿಗಳಲ್ಲಿ ಎಷ್ಟು ಕೆಟ್ಟದ್ದು ಅನ್ನುವುದೂ ಬೇಕು. ಅಪರೂಪದ ಕಾಯಿಲೆಗೆ ಊರಿಗೆಲ್ಲ ಸ್ಕ್ರೀನಿಂಗ್ ಮಾಡಿದಾಗ ಪಾಸಿಟಿವ್ ಬಂದವರಲ್ಲಿ ಬಹಳ ಮಂದಿಗೆ ಕಾಯಿಲೆ ಇಲ್ಲದಿರುವುದು ಇದೇ ಕಾರಣಕ್ಕೆ.

ಎಂಟನೆಯದು: "ಇನ್ನೊಮ್ಮೆ ನೋಡಿ" ಅಂದರೆ ಏನಾಗುತ್ತದೆ

ಚಿಕ್ಕಪ್ಪ ಅವತ್ತು ಕೇಳಿದ್ದು ಇದನ್ನೇ, ಅಂಗಡಿಯವರು ಒಪ್ಪಲಿಲ್ಲ. ಒಪ್ಪಿದ್ದರೆ? ಮೊದಲ 20ರಲ್ಲಿ ಫೇಲಾದ ಗೋಣಿಗೆ ಮಾತ್ರ ಇನ್ನೊಂದು 20, ಎರಡನೇ ಸಲ ಪಾಸಾದರೆ ಪಾಸ್. ಒಳ್ಳೆ ಗೋಣಿ ಎರಡು ಸಲವೂ ಫೇಲಾಗಬೇಕಾದರೆ 0.0755ನ್ನು ಅದರಿಂದಲೇ ಗುಣಿಸಬೇಕು, 0.006. ಸಾವಿರಕ್ಕೆ ಆರು, ಬಹಳ ಒಳ್ಳೆಯದು. ಆದರೆ ಕೆಟ್ಟ ಗೋಣಿಯನ್ನೂ ಎರಡು ಸಲ ಹಿಡಿಯಬೇಕು, 0.794ನ್ನು ಅದರಿಂದಲೇ ಗುಣಿಸಿ, 0.63. ಪವರ್ ಅಷ್ಟು ಬಿತ್ತು. 40 ಅಡಿಕೆಯನ್ನು ಒಟ್ಟಿಗೆ ಎಣಿಸಿ ಗಡಿ ಏಳು ಇಟ್ಟಿದ್ದರೆ ಆಲ್ಫಾ ಇನ್ನೂ ಕಡಿಮೆ, 0.003, ಆದರೂ ಪವರ್ 0.71 ಸಿಗುತ್ತಿತ್ತು. ಮೊದಲ ಇಪ್ಪತ್ತರ ಫಲಿತಾಂಶವನ್ನು ಬಿಸಾಡಿ ಹೊಸದಾಗಿ ಶುರು ಮಾಡಿದ್ದಕ್ಕೆ ಕೊಟ್ಟ ಬೆಲೆ ಅದು. ಇನ್ನೊಮ್ಮೆ ನೋಡುವುದಿದ್ದರೆ ಎರಡನ್ನೂ ಕೂಡಿಸಿ ಎಣಿಸುವ ನಿಯಮವನ್ನು ಮೊದಲೇ ಮಾಡಿ, ಆ ನಿಯಮಕ್ಕೇ ಆಲ್ಫಾ, ಪವರ್ ಲೆಕ್ಕ ಹಾಕಿಕೊಳ್ಳಿ.

ಇದರ ಉಲ್ಟಾ ಆಟವೂ ಇದೆ. 20 ಕತ್ತರಿಸಿದಾಗ ಎರಡು ಕೆಟ್ಟದ್ದು ಸಿಕ್ಕಿತು. ಕೊಳ್ಳುವವನಿಗೆ ಅನುಮಾನ. "ಇನ್ನು ನಾಲ್ಕು ನೋಡುವಾ" ಅಂತ ಮೂರನೆಯದ್ದು ಸಿಗುವವರೆಗೆ ಕತ್ತರಿಸುತ್ತಾ ಹೋದ, ಗಡಿ ಮೂರೇ. ಮೊದಲ 20ರಲ್ಲಿ ಎಷ್ಟೇ ಕಡಿಮೆ ಸಿಕ್ಕಿರಲಿ, ಪ್ರತಿ ಗೋಣಿಗೂ ಹೀಗೆ 40ರವರೆಗೆ ಹೋಗಲು ಬಿಟ್ಟರೆ ಒಳ್ಳೆ ಗೋಣಿ ವಾಪಸಾಗುವ ಸಾಧ್ಯತೆ 0.075 ಅಲ್ಲ, 0.32. ಮೂರಕ್ಕೆ ಒಂದು! ಸಂಶೋಧನೆಗಳಲ್ಲೂ ಇದು ನಡೆಯುತ್ತದೆ, ಬೇಕಾದ ಉತ್ತರ ಬರುವವರೆಗೆ ಡೇಟಾ ಸೇರಿಸುತ್ತಾ ಹೋಗುವುದು. ಎಷ್ಟು ಕತ್ತರಿಸಬೇಕು, ಗಡಿ ಎಷ್ಟು, ಎರಡೂ ಮೊದಲೇ ತೀರ್ಮಾನವಾಗಿರಬೇಕು.

ಲೆಕ್ಕ ಸರಿ ಇದ್ದೂ ಕೈಕೊಡುವ ಜಾಗಗಳು

ಮೇಲಿನ ಎಲ್ಲ ಸಂಖ್ಯೆಗಳೂ ಒಂದು ನಂಬಿಕೆಯ ಮೇಲೆ ನಿಂತಿವೆ: ಗೋಣಿಯ ಯಾವ ಅಡಿಕೆಯಾದರೂ ಕೈಗೆ ಸಿಗುವ ಸಾಧ್ಯತೆ ಒಂದೇ. ಗೋಣಿಯ ಬಾಯಿಯಿಂದ ಮಾತ್ರ ತೆಗೆದರೆ ಇದು ಹೋಯಿತು. ಅಡಿಯಲ್ಲಿ ಹಿಂದಿನ ಕೊಯ್ಲಿನದ್ದು, ಮೇಲೆ ಈ ಸಲದ್ದು ತುಂಬಿಸಿದ್ದರೆ ಬಾಯಿಯ 20 ಅಡಿಕೆ ಹೇಳುವುದು ಮೇಲಿನ ಅರ್ಧದ ಕಥೆ ಮಾತ್ರ. ಆಗ ಇನ್ನೂರು ಕತ್ತರಿಸಿದರೂ ಪ್ರಯೋಜನವಿಲ್ಲ. ಕಂಡುಹಿಡಿಯುವುದು ಕಷ್ಟವೇನಲ್ಲ. ಬಾಯಿಯಿಂದ 20, ಅಡಿಯಿಂದ 20 ತೆಗೆದು ಬೇರೆ ಬೇರೆ ಎಣಿಸಿ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಆರು ಬಂದರೆ ಗೋಣಿ ಕಲಸಿಲ್ಲ ಅಂತ ಅರ್ಥ. ನೆಲಕ್ಕೆ ಸುರಿದು, ಕಲಸಿ, ನಾಲ್ಕೈದು ಕಡೆಯಿಂದ ತೆಗೆಯುವುದೊಂದೇ ಪರಿಹಾರ.

ಎರಡನೆಯದು ಕಣ್ಣು. ಅಂಚಿನಲ್ಲಿ ಸ್ವಲ್ಪ ಕಪ್ಪಿದ್ದರೆ ಒಬ್ಬರು ಕೆಟ್ಟದ್ದು ಅನ್ನುತ್ತಾರೆ, ಇನ್ನೊಬ್ಬರು ನಡೆಯುತ್ತದೆ ಅನ್ನುತ್ತಾರೆ. ಕತ್ತರಿಸಿದ ಅದೇ ಹೋಳುಗಳನ್ನು ಇಬ್ಬರಿಗೆ ಕೊಟ್ಟು, ಒಬ್ಬರದ್ದು ಇನ್ನೊಬ್ಬರು ನೋಡದ ಹಾಗೆ ಬರೆಸಿ. 20ರಲ್ಲಿ ಎರಡು ಮೂರು ಅಡಿಕೆಗೆ ಇಬ್ಬರ ಮಾತು ಬೇರೆಯಾದರೆ ನಿಮ್ಮ ಗಡಿಯೇ ಅಲ್ಲಾಡುತ್ತಿದೆ. ಯಾಕೆಂದರೆ ಎರಡಕ್ಕೂ ನಾಲ್ಕಕ್ಕೂ ಆಲ್ಫಾ ಎಷ್ಟು ಬೇರೆ ಅಂತ ಮೇಲಿನ ಪಟ್ಟಿಯಲ್ಲಿ ನೋಡಿದ್ದೀರಿ.

ಈ ವರ್ಷ ಚಿಕ್ಕಪ್ಪ ಜೀಪಿಗೆ ಹಾಕುವ ಮೊದಲು ಮನೆಯಲ್ಲೇ 40 ಕತ್ತರಿಸುತ್ತಿದ್ದಾರೆ, ಗಡಿ ಐದು. ಅಂಗಳಕ್ಕೆ ಸುರಿದು ಕಲಸಿಯೇ ತೆಗೆಯುತ್ತಾರೆ. ಮೊನ್ನೆ ಒಂದು ಗೋಣಿಯಲ್ಲಿ ಸರಿಯಾಗಿ ನಾಲ್ಕು ಬಂತು. ನಿಯಮದ ಪ್ರಕಾರ ಪಾಸ್. ಅವರು ಸ್ವಲ್ಪ ಹೊತ್ತು ಹೋಳುಗಳನ್ನೇ ನೋಡುತ್ತಾ ಕೂತು, "ಒಂದು ಹತ್ತು ಜಾಸ್ತಿ ಕತ್ತರಿಸಿ ನೋಡುವನಾ?" ಅಂದರು. ನಾನು ಕತ್ತರಿ ತೆಗೆದು ಅಟ್ಟದ ಮೇಲಿಟ್ಟೆ.